ಬಲಮೊಣಕಾಲಿಗೆ ಜಾಗ, ಎಡಗಡೆಗೆ ಕಡಲು: ವಿಮಾನದ ಸೀಟಿನ ನಕ್ಷೆ ಓದುವ ಬಗೆ

ಪ್ರಶ್ನೆ: ನಾವು ಮಂಜೇಶ್ವರದವರು. ಡಿಸೆಂಬರಿನಲ್ಲಿ ಅಮ್ಮನನ್ನು ಕರೆದುಕೊಂಡು ಮಂಗಳೂರಿನಿಂದ ಮುಂಬೈಗೆ ಬೆಳಗಿನ ವಿಮಾನದಲ್ಲಿ ಹೋಗುವವಳಿದ್ದೇನೆ. ಅಮ್ಮನಿಗೆ 69 ವರ್ಷ, ಬಲಮೊಣಕಾಲನ್ನು ಪೂರ್ತಿ ಮಡಚಲು ಆಗುವುದಿಲ್ಲ, ಮೆಟ್ಟಿಲು ಹತ್ತುವುದು ಕಷ್ಟ. ಇದು ಅವರ ಮೊದಲ ವಿಮಾನ ಪ್ರಯಾಣ. ಮೇಲಿನಿಂದ ಕಡಲು ನೋಡಬೇಕೆಂಬ ಆಸೆ ಇದೆ. ಸದ್ದು ಜಾಸ್ತಿಯಾದರೆ ಅವರಿಗೆ ತಲೆನೋವು ಬರುತ್ತದೆ. ಅಣ್ಣ ಕಾರು ತಂದು ಹೊರಗೆ ಕಾಯುತ್ತಾನೆ, ಬೇಗ ಇಳಿದರೆ ಒಳ್ಳೆಯದಿತ್ತು. ಟಿಕೆಟ್ ಮಾಡುವಾಗ ಬರುವ ಸೀಟಿನ ನಕ್ಷೆಯಲ್ಲಿ ಹಲವು ಬಣ್ಣ, ಹಲವು ದರ. ಕಾಲಿಗೆ ಜಾಗ ಹೆಚ್ಚೆಂದು ತುರ್ತು ಬಾಗಿಲಿನ ಸಾಲಿಗೆ ಹಣ ಕೊಡಲೇ? ನಕ್ಷೆಯನ್ನು ಓದುವುದು ಹೇಗೆ?

ಉತ್ತರ: ತುರ್ತು ಬಾಗಿಲಿನ ಸಾಲಿಗೆ ಹಣ ಕೊಡಬೇಡಿ. ಅಲ್ಲಿ ಕಾಲಿಗೆ ಜಾಗ ಇರುವುದು ನಿಜ. ಆದರೆ ನಿಮ್ಮ ಅಮ್ಮನನ್ನು ಅಲ್ಲಿ ಕೂರಲು ಬಿಡುವುದಿಲ್ಲ. ಅವಘಡವಾದರೆ ಹತ್ತು ಕಿಲೋಗೂ ಮೀರಿದ ತೂಕದ ಬಾಗಿಲನ್ನು ಕಿತ್ತು ಹೊರಗೆ ಎಸೆದು, ಮೊದಲು ರೆಕ್ಕೆಯ ಮೇಲೆ ಇಳಿಯಬೇಕಾದವರು ಆ ಸಾಲಿನವರು. ಹಾಗಾಗಿ ಮಕ್ಕಳು, ಗರ್ಭಿಣಿಯರು, ವಯಸ್ಸಾದವರು, ನಡೆಯಲು ನೆರವು ಬೇಕಾದವರು ಅಲ್ಲಿ ಕೂರುವಂತಿಲ್ಲ. ಟಿಕೆಟ್ ಮಾಡುವಾಗ ಪುಟ ನಿಮ್ಮನ್ನು ತಡೆಯದೆಯೂ ಇರಬಹುದು. ವಿಮಾನ ಹತ್ತಿದ ಮೇಲೆ ಗಗನಸಖಿಯ ಕಣ್ಣಿಗೆ ಬಿದ್ದೇ ಬೀಳುತ್ತದೆ. ಆಗ ಖಾಲಿ ಉಳಿದ ಯಾವುದೋ ಸೀಟಿಗೆ ಕಳುಹಿಸುತ್ತಾರೆ, ಅದು ಹಿಂದಿನ ಸಾಲಿನ ನಡುವಿನ ಸೀಟೂ ಆಗಬಹುದು. ಅಮ್ಮ ಒಂದು ಕಡೆ, ನೀವು ಇನ್ನೊಂದು ಕಡೆ ಆಗುವುದೂ ಉಂಟು.

ಇನ್ನು ನಕ್ಷೆಯ ವಿಚಾರ. ವಿಮಾನ ಸಂಸ್ಥೆಯ ಪುಟದಲ್ಲಿ ಕಾಣುವ ಚಿತ್ರ ಅಳತೆಗೆ ಬರೆದದ್ದಲ್ಲ. ಅಲ್ಲಿ ಎಲ್ಲ ಚೌಕಗಳೂ ಒಂದೇ ಗಾತ್ರ, ಎಲ್ಲ ಸಾಲುಗಳೂ ಒಂದೇ ಅಂತರ. ಕಿಟಕಿ ಎಲ್ಲಿದೆ, ರೆಕ್ಕೆ ಎಲ್ಲಿಂದ ಎಲ್ಲಿಯವರೆಗೆ, ಎಂಜಿನ್ ಯಾವ ಸಾಲಿನ ಪಕ್ಕ ಎಂಬುದು ಹೆಚ್ಚಿನ ಚಿತ್ರಗಳಲ್ಲಿ ಇರುವುದೇ ಇಲ್ಲ. ಬಣ್ಣ ತಿಳಿಸುವುದು ದರವನ್ನು ಮಾತ್ರ. ಮುಂದಿನ ಸಾಲುಗಳು ದುಬಾರಿಯಾದ ಮಾತ್ರಕ್ಕೆ ಅವೇ ನಿಮಗೆ ಒಳ್ಳೆಯವು ಎಂದಾಗುವುದಿಲ್ಲ. ಆದ್ದರಿಂದ ನಕ್ಷೆ ತೆರೆದ ಕೂಡಲೇ ಬಣ್ಣ ನೋಡಬೇಡಿ. ಯಾವ ವಿಮಾನ ಎಂಬುದನ್ನು ಮೊದಲು ಗುರುತಿಸಿ, ಆಮೇಲೆ ತುರ್ತು ಬಾಗಿಲಿನ ಗುರುತು ಎಲ್ಲಿದೆ ಎಂದು ಹುಡುಕಿ. ಉಳಿದುದೆಲ್ಲ ಈ ಎರಡರಿಂದ ತಾನಾಗಿ ತಿಳಿಯುತ್ತದೆ.

ವಿಮಾನದ ಜಾತಿಯನ್ನು ಟಿಕೆಟಿನ ವಿವರದಲ್ಲಿ ಕೊಟ್ಟಿರುತ್ತಾರೆ. 320 ಅಥವಾ 32N ಎಂದಿದ್ದರೆ ಏರ್‌ಬಸ್ ಎ320. 321 ಅಥವಾ 32Q ಎಂದರೆ ಅದರ ಉದ್ದದ ತಮ್ಮ ಎ321. 738 ಮತ್ತು 7M8 ಬೋಯಿಂಗ್ 737ರ ಎರಡು ಬಗೆಗಳು. AT7 ಅಥವಾ ATR ಎಂದಿದ್ದರೆ ಪಂಖದ ಚಿಕ್ಕ ವಿಮಾನ. ಸಂಕೇತ ಸಿಗದಿದ್ದರೆ ಸಾಲುಗಳನ್ನು ಎಣಿಸಿ. ಒಂದು ಸಾಲಿಗೆ ಆರು ಸೀಟು, ಒಟ್ಟು 30 ಅಥವಾ 31 ಸಾಲು ಇದ್ದರೆ ನಮ್ಮ ಕಡೆಯ ದೇಶೀಯ ಮಾರ್ಗಗಳಲ್ಲಿ ಅದು ಸಾಮಾನ್ಯವಾಗಿ ಎ320. ಒಂದು ಸಾಲಿಗೆ ನಾಲ್ಕೇ ಸೀಟು ಇದ್ದರೆ ಎಟಿಆರ್. ನಿಮ್ಮ ವಿಮಾನ ಎ320 ಎಂದೇ ಇಟ್ಟುಕೊಂಡು ಮುಂದೆ ಹೇಳುತ್ತೇನೆ.

ಎ320ರಲ್ಲಿ ಮುಂದಕ್ಕೆ ಮುಖ ಮಾಡಿ ಕುಳಿತಾಗ ಎಡಗಡೆಯ ಕಿಟಕಿ A, ನಡುವಿನದು B, ನಡುದಾರಿಯ ಪಕ್ಕದ್ದು C. ನಡುದಾರಿ ದಾಟಿದರೆ D, E, ಮತ್ತು ಬಲಗಡೆಯ ಕಿಟಕಿ F. ತುರ್ತು ಬಾಗಿಲುಗಳು ರೆಕ್ಕೆಯ ಮೇಲೆ ಒಂದರ ಹಿಂದೊಂದು ಎರಡು ಸಾಲುಗಳಲ್ಲಿ ಇರುತ್ತವೆ, ಹೆಚ್ಚಾಗಿ 12 ಮತ್ತು 13ನೇ ಸಾಲಿನಲ್ಲಿ. ಸಂಖ್ಯೆ ಸಂಸ್ಥೆಯಿಂದ ಸಂಸ್ಥೆಗೆ ಬದಲಾಗಬಹುದು, ಆದರೆ ಬಾಗಿಲಿನ ಗುರುತು ನಕ್ಷೆಯಲ್ಲಿ ತಪ್ಪದೆ ಇರುತ್ತದೆ. ಅಲ್ಲಿಂದ ಸುಮಾರು ನಾಲ್ಕು ಸಾಲು ಮುಂದೆ, ಐದಾರು ಸಾಲು ಹಿಂದೆ ರೆಕ್ಕೆ ಹಬ್ಬಿದೆ ಎಂದು ಲೆಕ್ಕ ಹಾಕಿ. ಅಂದರೆ ಒಂಬತ್ತನೇ ಸಾಲಿನ ಆಸುಪಾಸಿನಿಂದ ಹತ್ತೊಂಬತ್ತರವರೆಗೆ ಕಿಟಕಿಯಿಂದ ಕೆಳಗೆ ನೋಡಿದರೆ ಕಾಣುವುದು ಲೋಹದ ರೆಕ್ಕೆ, ನೆಲವಲ್ಲ. ರೆಕ್ಕೆ ಹಿಂದಕ್ಕೆ ವಾಲಿರುವುದರಿಂದ ಹಿಂದಿನ ಭಾಗದಲ್ಲಿ 22ನೇ ಸಾಲಿನ ಬಳಿಕವೇ ನೋಟ ಚೆನ್ನಾಗಿ ತೆರೆದುಕೊಳ್ಳುತ್ತದೆ. ಅಲ್ಲಿ ಇನ್ನೊಂದು ತೊಂದರೆ ಉಂಟು. ಎಂಜಿನ್ನಿನ ಬಿಸಿಗಾಳಿ ಕಿಟಕಿಯ ಮುಂದೆ ಹಾಯುವುದರಿಂದ ದೂರದ ದೃಶ್ಯ ನಡುಗಿದಂತೆ ಮಸುಕಾಗಿ ಕಾಣುತ್ತದೆ. ಮೊಬೈಲಿನಲ್ಲಿ ಚಿತ್ರ ತೆಗೆಯುವವರಿಗೆ ಇದು ಬೇಗ ಗೊತ್ತಾಗುತ್ತದೆ. ನೋಟಕ್ಕೆ ಹೇಳಿ ಮಾಡಿಸಿದ ಜಾಗವೆಂದರೆ ಮೂರರಿಂದ ಏಳನೇ ಸಾಲಿನವರೆಗೆ.

ಸದ್ದಿನ ವಿಷಯದಲ್ಲೂ ಇದೇ ಜಾಗ ಗೆಲ್ಲುತ್ತದೆ. ಜೆಟ್ ಎಂಜಿನ್ನಿನ ಗದ್ದಲ ಹೆಚ್ಚಾಗಿ ಹಿಂದಕ್ಕೆ ಹರಿಯುತ್ತದೆ, ಹಾಗಾಗಿ ರೆಕ್ಕೆಗಿಂತ ಹಿಂದೆ ಕುಳಿತಷ್ಟೂ ಮೊರೆತ ಹೆಚ್ಚು. ಮನುಷ್ಯರ ಗದ್ದಲವೂ ಹಿಂದೆಯೇ ಜಾಸ್ತಿ. ಎ320ರಲ್ಲಿ ಸಾಮಾನ್ಯವಾಗಿ ಮುಂದೆ ಒಂದು, ಹಿಂದೆ ಎರಡು ಶೌಚಾಲಯಗಳಿರುತ್ತವೆ. ಹಿಂದಿನ ಐದಾರು ಸಾಲುಗಳವರ ಹೆಗಲ ಪಕ್ಕ ಜನ ಸರತಿ ನಿಂತಿರುತ್ತಾರೆ, ಅಡುಗೆ ಗಾಡಿಗಳ ಬಾಗಿಲು ಬಡಿಯುತ್ತಿರುತ್ತದೆ. ತೀರಾ ಮುಂದಿನ ಎರಡು ಸಾಲುಗಳಲ್ಲೂ ಮುಂಭಾಗದ ಶೌಚಾಲಯ, ಸಿಬ್ಬಂದಿಯ ಮಾತು, ಪರದೆಯ ಆಚೆಯ ಬೆಳಕು ಇವೆಲ್ಲ ಇರುತ್ತವೆ. ತಲೆನೋವಿನವರಿಗೆ ನಾಲ್ಕರಿಂದ ಏಳರ ನಡುವೆ ಕೂರಿಸುವುದು ಲೇಸು. ಒಂದೇ ಒಂದು ಮಾತು ಸೇರಿಸುತ್ತೇನೆ. ಕುಲುಕಾಟದಿಂದ ಹೊಟ್ಟೆ ತೊಳಸುವವರಾದರೆ ರೆಕ್ಕೆಯ ಮೇಲಿನ ಸಾಲುಗಳೇ ಒಳ್ಳೆಯವು, ಏಕೆಂದರೆ ವಿಮಾನ ಅಲ್ಲಿ ಕಡಿಮೆ ಏಳುಬೀಳುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕರಾವಳಿಯ ಮೇಲೆ ಹಾರುವಾಗ ಕಾಣಲು ಮೋಡವಲ್ಲದೆ ಬೇರೆ ಏನೂ ಇರುವುದಿಲ್ಲ, ಆಗ ಈ ಲೆಕ್ಕಕ್ಕೆ ಬೆಲೆ ಹೆಚ್ಚು. ಡಿಸೆಂಬರಿನ ಬೆಳಗಿಗೆ ಅದರ ಅಗತ್ಯ ನಿಮಗೆ ಬೀಳಲಾರದು.

ಈಗ ಯಾವ ಬದಿ? ಇದನ್ನು ನಕ್ಷೆ ಹೇಳುವುದಿಲ್ಲ, ಭೂಪಟ ಹೇಳುತ್ತದೆ. ಮಂಗಳೂರಿನಿಂದ ಮುಂಬೈಗೆ ನೇರ ಗೆರೆ ಎಳೆದರೆ ಅದು ಉತ್ತರಕ್ಕೆ, ಸ್ವಲ್ಪ ಪಶ್ಚಿಮಕ್ಕೆ ವಾಲಿಕೊಂಡು, ಕರಾವಳಿಗೆ ಬಹುತೇಕ ಸಮಾನಾಂತರವಾಗಿ ಸಾಗುತ್ತದೆ. ಮಲ್ಪೆ, ಮುರುಡೇಶ್ವರಗಳ ಹತ್ತಿರ ಗೆರೆ ಕಡಲ ದಡದ ಪಕ್ಕದಲ್ಲೇ ಇದೆ. ಗೋವಾ ದಾಟುವಾಗ ದಡ ಎಡಕ್ಕೆ ಇಪ್ಪತ್ತು ಇಪ್ಪತ್ತೈದು ಕಿಲೋಮೀಟರ್ ದೂರ ಸರಿಯುತ್ತದೆ. ಹತ್ತು ಕಿಲೋಮೀಟರ್ ಎತ್ತರದಿಂದ ಅಷ್ಟು ದೂರದ ದಡ ಕಿಟಕಿಯಲ್ಲಿ ಚೆನ್ನಾಗಿಯೇ ಕಾಣುತ್ತದೆ, ನೇರ ಕೆಳಗಿರುವುದಕ್ಕಿಂತ ಸಲೀಸಾಗಿಯೇ ಕಾಣುತ್ತದೆ. ಕಡಲು ಎಡಕ್ಕೆ, ಘಟ್ಟ ಬಲಕ್ಕೆ. ಆದುದರಿಂದ ಹೋಗುವಾಗ A, ಬರುವಾಗ F. ನಿಯಂತ್ರಣ ಕೊಠಡಿಯವರು ದಾರಿಯನ್ನು ಅಷ್ಟಿಷ್ಟು ಬದಲಿಸಬಹುದು, ಆದರೂ ಕಡಲು ಎಡಗಡೆಗೇ ಉಳಿಯುವ ಸಾಧ್ಯತೆಯೇ ಹೆಚ್ಚು.

ಸೂರ್ಯನೂ ನಿಮ್ಮ ಪರವಾಗಿದ್ದಾನೆ. ಡಿಸೆಂಬರಿನಲ್ಲಿ ಅವನು ಆಗ್ನೇಯದಲ್ಲಿ ಹುಟ್ಟುತ್ತಾನೆ. ವಿಮಾನ ಉತ್ತರಕ್ಕೆ ಹೋಗುತ್ತಿರುವಾಗ ಬೆಳಗಿನ ಬಿಸಿಲು ಬಲಹಿಂಭಾಗದಿಂದ ಬೀಳುತ್ತದೆ. F ಕಿಟಕಿಯವರು ಕಣ್ಣು ಕುಕ್ಕುತ್ತದೆಂದು ಕಿಟಕಿಯ ಮುಚ್ಚಳ ಎಳೆದು ಕೂರುತ್ತಾರೆ. A ಕಿಟಕಿಯಲ್ಲಿ ನೆರಳಿರುತ್ತದೆ, ಹೊರಗಿನ ದಡ, ನದೀಮುಖ, ಮರಳು ಎಲ್ಲದರ ಮೇಲೆ ಎದುರು ಬಿಸಿಲು ಬಿದ್ದು ಬಣ್ಣ ಎದ್ದು ಕಾಣುತ್ತದೆ. ಅದೇ ವಿಮಾನ ಸಂಜೆ ನಾಲ್ಕಕ್ಕೆ ಹೊರಡುವಂಥದ್ದಾದರೆ ಬಿಸಿಲು ಕಡಲ ಕಡೆಯಿಂದಲೇ ಬಂದು ನೀರೆಲ್ಲ ಬರೀ ಹೊಳಪಾಗಿ ಕಾಣುತ್ತಿತ್ತು. ಅಮ್ಮನಿಗೆ ಹೇಳಿಡಿ: ಗುರುತು ಹಿಡಿಯಲು ಸುಲಭವಾದ ನೋಟ ಮೊದಲ ಹದಿನೈದು ಇಪ್ಪತ್ತು ನಿಮಿಷದ್ದು. ಆಗ ವಿಮಾನ ಇನ್ನೂ ಏರುತ್ತಿರುತ್ತದೆ, ದೋಣಿಗಳೂ ನದಿಗಳು ಕಡಲು ಸೇರುವ ಅಳಿವೆಗಳೂ ಸ್ಪಷ್ಟವಾಗಿ ಕಾಣುತ್ತವೆ. ತಿಂಡಿ ಬರುವ ಹೊತ್ತಿಗೆ ಅವೆಲ್ಲ ಚಿಕ್ಕದಾಗಿಬಿಡುತ್ತವೆ.

ಇಲ್ಲಿಗೆ ಒಂದು ಮುಖ್ಯ ಸಂಗತಿ ಬರುತ್ತದೆ. A ಅಂದ ಮಾತ್ರಕ್ಕೆ ಪಕ್ಕದಲ್ಲಿ ಕಿಟಕಿ ಸರಿಯಾಗಿ ಇರುತ್ತದೆ ಎಂದಿಲ್ಲ. ಕಿಟಕಿಗಳನ್ನು ವಿಮಾನ ಕಟ್ಟುವವರು ಇಡುತ್ತಾರೆ, ಸೀಟುಗಳನ್ನು ವಿಮಾನ ಸಂಸ್ಥೆ ಇಡುತ್ತದೆ. ಎ320ರಲ್ಲಿ ಒಂದು ಕಿಟಕಿಯ ನಡುವಿನಿಂದ ಮುಂದಿನ ಕಿಟಕಿಯ ನಡುವಿಗೆ 21 ಇಂಚು. ಕಡಿಮೆ ದರದ ವಿಮಾನಗಳಲ್ಲಿ ಒಂದು ಸೀಟಿನಿಂದ ಅದರ ಹಿಂದಿನ ಸೀಟಿಗೆ 28ರಿಂದ 30 ಇಂಚು. ತೋಟದ ಅಂಚಿನಲ್ಲಿ ಬೇಲಿಯ ಕಂಬಗಳು ಒಂದು ಅಂತರದಲ್ಲಿ, ಅಡಿಕೆ ಮರಗಳು ಇನ್ನೊಂದು ಅಂತರದಲ್ಲಿ ಇದ್ದರೆ ಕೆಲವು ಮರಗಳ ಎದುರಿಗೆ ಕಂಬ, ಕೆಲವುದರ ಎದುರಿಗೆ ಖಾಲಿ ಜಾಗ ಬರುವಂತೆ ಇಲ್ಲೂ ಆಗುತ್ತದೆ.

ಲೆಕ್ಕ ಮಾಡಿ ನೋಡೋಣ. ಅಂತರ 28 ಇಂಚು ಎಂದಿರಲಿ, ನಾಲ್ಕನೇ ಸಾಲಿನವರ ಮುಖದ ಪಕ್ಕಕ್ಕೆ ಕಿಟಕಿ ಸರಿಯಾಗಿ ಬಂದಿದೆ ಎಂದಿರಲಿ. ಐದನೇ ಸಾಲು 28 ಇಂಚು ಹಿಂದೆ, ಆದರೆ ಕಿಟಕಿ 21 ಇಂಚಿನಲ್ಲೇ ಬಂದುಬಿಟ್ಟಿತು. ಹಾಗಾಗಿ ಅದು ಅವರ ಮುಖಕ್ಕಿಂತ ಏಳು ಇಂಚು ಮುಂದಿದೆ. ಇದು ಚೆನ್ನಾಗಿಯೇ ಇದೆ, ಸುಮ್ಮನೆ ಕುಳಿತಲ್ಲಿಂದಲೇ ಮುಂದಕ್ಕೆ ವಾರೆಯಾಗಿ ನೋಡಬಹುದು. ಆರನೇ ಸಾಲು 56 ಇಂಚಿನಲ್ಲಿ, ಕಿಟಕಿಗಳು 42 ಮತ್ತು 63ರಲ್ಲಿ. ಒಂದು 14 ಇಂಚು ಮುಂದೆ, ಅದು ಎದುರಿನ ಸೀಟಿನವರ ಪಾಲಿನದು. ಇನ್ನೊಂದು ಏಳು ಇಂಚು ಹಿಂದೆ, ಸೀಟಿನ ಬೆನ್ನಿನ ಮರೆಗೆ. ಪಕ್ಕದಲ್ಲಿ ಇರುವುದು ಬೂದು ಗೋಡೆ. ಏಳನೇ ಸಾಲು 84 ಇಂಚಿನಲ್ಲಿ, ನಾಲ್ಕು ಸಲ 21 ಅಂದರೂ 84, ಮತ್ತೆ ಕಿಟಕಿ ಪಕ್ಕಕ್ಕೆ ಬಂತು. ಹೀಗೆ ಮೂರು ಸಾಲಿಗೊಂದು ಸಾಲಿನಲ್ಲಿ ಕಿಟಕಿಯ ಹಣ ಕೊಟ್ಟವರು ಗೋಡೆ ನೋಡುತ್ತಾ ಹೋಗುತ್ತಾರೆ. ಅಂತರ 29 ಅಥವಾ 30 ಇಂಚಾದರೆ ಈ ಸುತ್ತು ಬೇರೆ ಸಾಲಿನಲ್ಲಿ ಬೀಳುತ್ತದೆ. ತುರ್ತು ಬಾಗಿಲಿನ ಬಳಿ ಅಂತರ ಹಿಗ್ಗುವುದರಿಂದ ಅಲ್ಲಿಂದ ಹಿಂದೆ ಲೆಕ್ಕ ಹೊಸದಾಗಿ ಶುರು.

ಆದ್ದರಿಂದ ಯಾವ ಸಾಲು ಗೋಡೆಯದು ಎಂದು ಬಾಯಿಲೆಕ್ಕದಲ್ಲಿ ಹೇಳಲಾಗದು, ನೋಡಿಯೇ ತಿಳಿಯಬೇಕು. ಇದಕ್ಕೆ aeroLOPA ಎಂಬ ಜಾಲತಾಣ ಉಪಯೋಗಕ್ಕೆ ಬರುತ್ತದೆ. ಅಲ್ಲಿ ಅನೇಕ ಸಂಸ್ಥೆಗಳ ವಿಮಾನಗಳನ್ನು ಅಳತೆಗೆ ಸರಿಯಾಗಿ ಬರೆದಿದ್ದಾರೆ, ಗೋಡೆಯ ಮೇಲೆ ಕಿಟಕಿಗಳ ಗುರುತೂ ಇದೆ. ನಿಮ್ಮ ಸಂಸ್ಥೆಯನ್ನೂ ವಿಮಾನದ ಜಾತಿಯನ್ನೂ ಆರಿಸಿ, ನಾಲ್ಕರಿಂದ ಏಳನೇ ಸಾಲಿನವರೆಗೆ ದೊಡ್ಡದು ಮಾಡಿ ನೋಡಿ. ಕುಳಿತವರ ಮುಖ ಸೀಟಿನ ಬೆನ್ನಿಗಿಂತ ಸ್ವಲ್ಪ ಮುಂದೆ ಇರುತ್ತದೆ ಎಂಬುದನ್ನು ಮನಸ್ಸಿನಲ್ಲಿಡಿ. ಕಿಟಕಿಯ ಗುರುತು ಸೀಟಿನ ಮುಂದಿನ ಅರ್ಧದ ಪಕ್ಕಕ್ಕೆ ಬಂದಿದ್ದರೆ ಆ ಸಾಲು ನಿಮ್ಮದು. ಬೆನ್ನಿನ ಪಕ್ಕಕ್ಕೆ ಬಂದಿದ್ದರೆ ಒಂದು ಸಾಲು ಮುಂದೆ ಅಥವಾ ಹಿಂದೆ ಸರಿಯಿರಿ. ಒಂದೇ ಸಂಸ್ಥೆಯಲ್ಲಿ ಎ320ರ ಎರಡು ಮೂರು ಬಗೆಯ ಜೋಡಣೆ ಇರುವುದುಂಟು. ಒಟ್ಟು ಸೀಟಿನ ಸಂಖ್ಯೆ, 180ವೋ 186ವೋ, ನಿಮ್ಮ ನಕ್ಷೆಯೊಂದಿಗೆ ತಾಳೆಯಾಗುವುದನ್ನೇ ತೆರೆಯಿರಿ.

ಈಗ ಮೊಣಕಾಲು. ನಿಮ್ಮ ಪತ್ರದಲ್ಲಿ ನಿಜವಾಗಿ ನಿರ್ಧಾರ ಮಾಡಬೇಕಾದ ವಿಷಯ ಇದೇ. ಕಾಲಿನ ಜಾಗವನ್ನು ಇಂಚಿನಲ್ಲಿ ಹೇಳುವಾಗ ಅದು ಸೀಟಿನಿಂದ ಸೀಟಿಗಿರುವ ಅಂತರ, ಮೊಣಕಾಲಿಗೆ ಸಿಗುವ ಖಾಲಿ ಜಾಗವಲ್ಲ. ಅದರಲ್ಲಿ ಸೀಟಿನ ಬೆನ್ನಿನ ದಪ್ಪವೂ ಸೇರಿದೆ. 28 ಇಂಚಿನ ಸೀಟಿನಲ್ಲಿ ಸಾಮಾನ್ಯ ಎತ್ತರದವರು ಮೊಣಕಾಲು ಮಡಚಿ ಕೂರಬಹುದು. ಆದರೆ ಮಡಚಲಾಗದವರಿಗೆ ಬೇಕಾದದ್ದು ಒಂದೇ ಒಂದು ಕಾಲನ್ನು ಚಾಚಲು ದಾರಿ, ಎರಡಿಂಚು ಹೆಚ್ಚು ಸಿಕ್ಕಿದರೂ ಅವರಿಗೆ ಸುಖವಿಲ್ಲ. ಯಾವ ಕಾಲು ಎಂಬುದರ ಮೇಲೆ ಸೀಟಿನ ಅಕ್ಷರ ನಿಂತಿದೆ.

ಮೊದಲ ಸಾಲನ್ನು ನೋಡಿ. ಎದುರಿಗೆ ಸೀಟಿಲ್ಲ, ಗೋಡೆ ಇದೆ, ಮೊಣಕಾಲಿಗೆ ವಿಶಾಲ. ಸಂಸ್ಥೆಗಳು ಇದಕ್ಕೆ ಹೆಚ್ಚು ದರ ಹಾಕುತ್ತವೆ. ಆದರೆ ಪಾದವನ್ನು ಎದುರಿನ ಸೀಟಿನ ಅಡಿಗೆ ತೂರಿಸುವ ಅನುಕೂಲ ಅಲ್ಲಿಲ್ಲ, ಕಾಲು ಗೋಡೆಗೆ ತಾಗುತ್ತದೆ. ಕೈಚೀಲ, ಮಾತ್ರೆಯ ಪೊಟ್ಟಣ, ನೀರಿನ ಬಾಟಲಿ ಎಲ್ಲವನ್ನೂ ವಿಮಾನ ಏರುವಾಗ ಮತ್ತು ಇಳಿಯುವಾಗ ಮೇಲಿನ ಕಪಾಟಿಗೆ ಹಾಕಬೇಕು. ಇನ್ನೂ ಒಂದು ಸೂಕ್ಷ್ಮ ಉಂಟು. ಎದುರಿಗೆ ಸೀಟಿಲ್ಲದ್ದರಿಂದ ತಿಂಡಿಯ ಹಲಗೆಯನ್ನು ಕೈಯಿಡುವ ತೋಳಿನೊಳಗೆ ಮಡಚಿಟ್ಟಿರುತ್ತಾರೆ, ಆ ತೋಳು ಮೇಲೇಳುವುದಿಲ್ಲ. ಬೇರೆ ಸಾಲುಗಳಲ್ಲಿ ನಡುವಿನ ತೋಳುಗಳನ್ನು ಎತ್ತಬಹುದು. ನಡುದಾರಿಯ ಬದಿಯ ತೋಳು ಕೂಡ ಅನೇಕ ಸೀಟುಗಳಲ್ಲಿ ಏಳುತ್ತದೆ. ಅದರ ಅಡಿಯಲ್ಲಿ, ಹಿಂದಿನ ಕೀಲಿನ ಹತ್ತಿರ, ಬೆರಳಿಗೆ ಸಿಗುವ ಒಂದು ಸಣ್ಣ ಗುಂಡಿ ಇದೆ, ಅದನ್ನು ಒತ್ತಿ ಎತ್ತಬೇಕು. ಮೊಣಕಾಲು ಬಗ್ಗದವರಿಗೆ ಎದ್ದು ನಿಲ್ಲುವಾಗ ಪಕ್ಕಕ್ಕೆ ಜಾರಿಕೊಂಡು ಏಳುವುದೇ ದಾರಿ. ತೋಳು ಏಳದ ಮೊದಲ ಸಾಲಿನಲ್ಲಿ ಅವರು ಸಿಕ್ಕಿಹಾಕಿಕೊಳ್ಳುತ್ತಾರೆ. ನಿಮ್ಮ ಅಮ್ಮನಿಗೆ ಆ ಸಾಲು ಬೇಡ.

ನಡುದಾರಿಯ ಸೀಟು? C ಸೀಟಿಗೆ ನಡುದಾರಿ ಬಲಗಡೆ, D ಸೀಟಿಗೆ ಎಡಗಡೆ. ಬಲಗಾಲು ಚಾಚಬೇಕಾದವರು C, ಎಡಗಾಲಿನವರು D. ಇದನ್ನು ತಿರುವುಮುರುವು ಮಾಡಿಕೊಂಡವರು ಪ್ರಯಾಣವಿಡೀ ನರಳುವುದನ್ನು ಕಂಡಿದ್ದೇನೆ. ಆದರೆ C ಯಿಂದ ಕಡಲು ಕಾಣುವುದಿಲ್ಲ. ಅಲ್ಲದೆ ಚಾಚಿದ ಕಾಲಿಗೆ ತಿಂಡಿಯ ಗಾಡಿ ತಾಗದಂತೆ ಆಗಾಗ ಒಳಗೆಳೆದುಕೊಳ್ಳುತ್ತಿರಬೇಕು.

ನಿಮ್ಮ ಅಮ್ಮನ ಅದೃಷ್ಟಕ್ಕೆ ನೋವು ಬಲಗಾಲಿನಲ್ಲಿದೆ, ಕಡಲು ಎಡಗಡೆ ಇದೆ. ಅವರು A ಯಲ್ಲಿ ಕುಳಿತರೆ ಎಡಗಾಲು ಗೋಡೆಯ ಕಡೆ. ವಿಮಾನದ ಗೋಡೆ ನೆಲದ ಹತ್ತಿರ ಒಳಕ್ಕೆ ಬಾಗುವುದರಿಂದ ಅಲ್ಲಿ ಪಾದಕ್ಕೆ ಜಾಗ ಕಿರಿದು, ಆದರೆ ಆ ಕಾಲು ಮಡಚುತ್ತದೆ, ತೊಂದರೆಯಿಲ್ಲ. ಬಲಗಾಲು B ಸೀಟಿನ ಕಡೆ. B ಯಲ್ಲಿ ನೀವು ಕುಳಿತು ನಡುವಿನ ತೋಳನ್ನು ಎತ್ತಿ, ನಿಮ್ಮ ಚೀಲವನ್ನು ಮೇಲಿಟ್ಟು, ನಿಮ್ಮ ಪಾದಗಳನ್ನು C ಯ ಕಡೆಗೆ ಸ್ವಲ್ಪ ಒತ್ತರಿಸಿಕೊಂಡರೆ, ಅಮ್ಮ ಬಲಗಾಲನ್ನು ನಿಮ್ಮ ಎದುರಿನ ಸೀಟಿನ ಅಡಿಗೆ ಓರೆಯಾಗಿ ಚಾಚಬಹುದು. ಓರೆಯಾಗಿ ಕುಳಿತಾಗ ಬೆನ್ನು ಗೋಡೆಗೆ ಒರಗುತ್ತದೆ, ಆದ್ದರಿಂದ ಅವರು ಸೊಂಟದ ಹಿಂದೆ ಮಡಚಿದ ಶಾಲು ಇಟ್ಟುಕೊಳ್ಳಲಿ. ವಿಮಾನ ಏರುವಾಗ, ಇಳಿಯುವಾಗ ತೋಳನ್ನು ಕೆಳಗಿಳಿಸಿ ಸೀಟನ್ನು ನೇರ ಮಾಡಲು ಹೇಳುತ್ತಾರೆ. ಆದರೆ ತೋಳು ಕೆಳಗಿದ್ದರೂ ಅದರ ಅಡಿಯಿಂದ ಕಾಲು ಆಚೆ ಹೋಗುತ್ತದೆ.

ನೀವು A ಮತ್ತು C ತೆಗೆದುಕೊಂಡು B ಖಾಲಿ ಉಳಿಯಲಿ ಎಂದು ಆಸೆಪಡುವವರ ಉಪಾಯಕ್ಕೆ ಹೋಗಬೇಡಿ. ಡಿಸೆಂಬರಿನ ಮುಂಬೈ ವಿಮಾನ ತುಂಬಿಯೇ ಇರುತ್ತದೆ. ಅಪರಿಚಿತರೊಬ್ಬರು B ಗೆ ಬಂದು ಕುಳಿತರೆ ಅಮ್ಮನ ಬಲಗಾಲಿಗೆ ಇದ್ದ ಒಂದೇ ದಾರಿ ಮುಚ್ಚಿಹೋಗುತ್ತದೆ. ಕೇಳಿಕೊಂಡರೆ ಅವರು ಬದಲಿಸಿಕೊಟ್ಟಾರು, ಕೊಡದೆಯೂ ಇದ್ದಾರು.

ಈ ಏರ್ಪಾಟಿನ ಒಂದು ಕೊರತೆಯನ್ನೂ ಹೇಳಬೇಕು. ಶೌಚಾಲಯಕ್ಕೆ ಹೋಗಬೇಕಾದರೆ ನೀವೂ C ಯವರೂ ಎದ್ದು ದಾರಿ ಬಿಡಬೇಕು. ಹಾರಾಟ ಸುಮಾರು ಒಂದೂವರೆ ಗಂಟೆಯದು, ನಿಲ್ದಾಣದಲ್ಲೇ ಹೋಗಿ ಬಂದು ಹತ್ತಿದರೆ ಸಾಮಾನ್ಯವಾಗಿ ಸಾಕು. ಮೂರು ನಾಲ್ಕು ಗಂಟೆಯ ಗಲ್ಫ್ ಪ್ರಯಾಣವಾಗಿದ್ದರೆ ನಾನು ಕಿಟಕಿಯ ಆಸೆ ಬಿಡಿಸಿ C ಯನ್ನೇ ಹೇಳುತ್ತಿದ್ದೆ.

ಬೇಗ ಇಳಿಯುವ ವಿಷಯಕ್ಕೆ ಬಂದರೆ, ಅದಕ್ಕಾಗಿ ನೀವು ಒಂದು ರೂಪಾಯಿಯನ್ನೂ ಹೆಚ್ಚು ಕೊಡುವುದು ಬೇಡ. ಏರೋಬ್ರಿಡ್ಜ್, ಅಂದರೆ ನಿಲ್ದಾಣದ ಕಟ್ಟಡದಿಂದ ವಿಮಾನದ ಬಾಗಿಲಿಗೇ ಹಚ್ಚುವ ಸೇತುವೆ, ಸಿಕ್ಕಿದರೆ ಮುಂದಿನ ಬಾಗಿಲೊಂದೇ ತೆರೆಯುತ್ತದೆ, ಆಗ ಮುಂದಿನವರು ಮೊದಲು. ದೂರದಲ್ಲಿ ನಿಲ್ಲಿಸಿ ಎರಡೂ ಬಾಗಿಲಿಗೆ ಮೆಟ್ಟಿಲು ಹಚ್ಚಿದರೆ ಕಡೆಯ ಸಾಲಿನವರೂ ಅಷ್ಟೇ ಬೇಗ ಇಳಿಯುತ್ತಾರೆ, ನಡುವಿನವರು ಉಳಿಯುತ್ತಾರೆ. ಆದರೆ ಹಾಗೆ ಇಳಿದವರು ಹೋಗಿ ನಿಲ್ಲುವುದು ಬಸ್ಸಿನಲ್ಲಿ, ಬಸ್ಸು ಹೊರಡುವುದು ತುಂಬಿದ ಮೇಲೆ. ದೊಡ್ಡ ಸೂಟ್‌ಕೇಸ್ ಹಾಕಿದ್ದರಂತೂ ಬೆಲ್ಟಿನ ಮುಂದೆ ಎಲ್ಲರೂ ಒಂದೇ. ಕೈಚೀಲ ಮಾತ್ರ ಹಿಡಿದು, ಮುಂದಿನ ವಿಮಾನಕ್ಕೆ ಓಡಬೇಕಾದ ಒಂಟಿ ಪ್ರಯಾಣಿಕರಿಗೆ ಎರಡನೇ ಸಾಲಿನ C ಬೆಲೆಬಾಳುತ್ತದೆ. ನಿಮಗಲ್ಲ. ಅಮ್ಮನಿಗೆ ಗಾಲಿಕುರ್ಚಿ ಹೇಳಿಡುವುದು ನಿಮ್ಮ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯ, ಗಾಲಿಕುರ್ಚಿಯವರು ಹತ್ತುವಾಗ ಮೊದಲು, ಇಳಿಯುವಾಗ ಸಾಮಾನ್ಯವಾಗಿ ಕೊನೆ. ಆದರೆ ಅಲ್ಲಿಂದ ಮುಂದೆ ಸಹಾಯಕರು ಲಿಫ್ಟು, ಬೇರೆ ಬಾಗಿಲು ಹಿಡಿದು ಕಾರಿನ ತನಕ ಕರೆದೊಯ್ಯುವುದರಿಂದ ಕಳೆದ ಹೊತ್ತು ಬಹುಮಟ್ಟಿಗೆ ಮರಳಿ ಸಿಗುತ್ತದೆ. ಅಣ್ಣನಿಗೆ ವಿಮಾನ ಇಳಿದು ಅರ್ಧ ಗಂಟೆಯ ಮೇಲೆ ಬರಲು ಹೇಳಿ.

ಹಾಗಾದರೆ ನಾಲ್ಕರಿಂದ ಏಳರ ನಡುವೆ ಕಿಟಕಿ ಸರಿಯಾಗಿ ಬರುವ ಸಾಲಿನಲ್ಲಿ A ಮತ್ತು B, ಇಬ್ಬರದೂ ಒಂದೇ ಪಿಎನ್‌ಆರ್‌ನಲ್ಲಿ. ಆ ಸಾಲುಗಳು ತುಂಬಿವೆ ಎಂದು ನಕ್ಷೆ ತೋರಿಸಿದರೆ ಕೂಡಲೇ ಕೈಬಿಡಬೇಡಿ. ಬೂದು ಬಣ್ಣದ ಚೌಕವೆಂದರೆ ಯಾರೋ ಕೊಂಡಿದ್ದಾರೆ ಎಂದೇ ಅರ್ಥವಲ್ಲ. ಸಂಸ್ಥೆ ತನ್ನ ಅಗತ್ಯಕ್ಕೆಂದು ತಡೆಹಿಡಿದಿಟ್ಟ ಸೀಟುಗಳೂ ಅದೇ ಬಣ್ಣದಲ್ಲಿ ಕಾಣುತ್ತವೆ, ಅವುಗಳಲ್ಲಿ ಕೆಲವು ವೆಬ್ ಚೆಕ್‌ಇನ್ ತೆರೆದಾಗ ಬಿಡುಗಡೆಯಾಗುತ್ತವೆ. ಈಗ ಸಿಗುವ ಜೋಡಿ ಸೀಟನ್ನು ಹಿಡಿದಿಟ್ಟುಕೊಳ್ಳಿ, ಚೆಕ್‌ಇನ್ ತೆರೆದ ದಿನ ಮತ್ತೊಮ್ಮೆ ನಕ್ಷೆ ನೋಡಿ. ಮುಂದಿನ ಭಾಗ ಸಿಗದೇ ಹೋದರೆ 22ರ ನಂತರದ A, B ಜೋಡಿ ನೋಟಕ್ಕೆ ಪರವಾಗಿಲ್ಲ. ಸದ್ದು ಇರುತ್ತದೆ, ಕಿವಿಗೆ ಹತ್ತಿ ಇಡಿ. ಕಡೆಯ ಸಾಲು ಮಾತ್ರ ಬೇಡ, ಅದರ ಬೆನ್ನು ವಾಲುವುದಿಲ್ಲ. 11ನೇ ಸಾಲಿನ ಬೆನ್ನೂ ಸಾಮಾನ್ಯವಾಗಿ ವಾಲುವುದಿಲ್ಲ, ಅದರ ಹಿಂದೆ ತುರ್ತು ಬಾಗಿಲಿಗೆ ದಾರಿ ತೆರೆದಿರಬೇಕಾದ್ದರಿಂದ. (ನಿಮ್ಮ ಅಣ್ಣನಂಥ ಗಟ್ಟಿಮುಟ್ಟಾದ ಉದ್ದ ಕಾಲಿನವರು ತುರ್ತು ಸಾಲು ಕೊಳ್ಳುವುದಾದರೆ ಇದೇ ಕಾರಣಕ್ಕೆ ಎರಡರಲ್ಲಿ ಹಿಂದಿನದನ್ನು, ಅಂದರೆ 13ನ್ನು ಆರಿಸಿಕೊಳ್ಳಬೇಕು.)

ಹೊರಡುವ ಹಿಂದಿನ ದಿನ ವಿಮಾನದ ಜಾತಿ ಬದಲಾಗಿದೆಯೇ ನೋಡಿ. ಸೀಟಿನ ಸಂಖ್ಯೆ ಅದೇ ಉಳಿದು ಅದರ ಅರ್ಥ ಬದಲಾಗುವುದು ಹೀಗೆಯೇ. ಬೋಯಿಂಗ್ 737 ಬಂದರೆ ಎಡಗಡೆ ಹತ್ತರಿಂದ ಹನ್ನೆರಡನೇ ಸಾಲಿನ ಆಸುಪಾಸಿನಲ್ಲಿ ಒಂದು A ಸೀಟಿಗೆ ಕಿಟಕಿಯೇ ಇರುವುದಿಲ್ಲ. ಹವಾನಿಯಂತ್ರಣದ ಕೊಳವೆ ಕೆಳಗಿನಿಂದ ಮಾಡಿಗೆ ಹೋಗುವುದು ಅಲ್ಲಿನ ಗೋಡೆಯೊಳಗೆ. ನಮ್ಮ ಕಾಸರಗೋಡಿನಿಂದ ದುಬೈ, ಅಬುಧಾಬಿಗೆ ಹೋಗುವವರು ಈ ವಿಮಾನವನ್ನೇ ಹೆಚ್ಚಾಗಿ ಹತ್ತುವುದರಿಂದ ಇದನ್ನು ನೆನಪಿಡುವುದು ಒಳ್ಳೆಯದು.

ಎಟಿಆರ್ ಆದರೆ ಮೇಲೆ ಹೇಳಿದ್ದೆಲ್ಲ ತಲೆಕೆಳಗು. ಕಣ್ಣೂರು, ಮಂಗಳೂರಿನಂಥ ನಿಲ್ದಾಣಗಳಿಂದ ಹೊರಡುವ ಹತ್ತಿರದ ಹಾರಾಟಗಳಲ್ಲಿ ಅದು ಸಿಗುವುದುಂಟು. ಅದರ ರೆಕ್ಕೆ ಮಾಡಿನ ಮೇಲಿರುವುದರಿಂದ ಎಲ್ಲ ಸಾಲಿನಿಂದಲೂ ನೆಲ ಕಾಣುತ್ತದೆ. ಪಂಖಗಳು ಮುಂದಿನ ಸಾಲುಗಳ ಪಕ್ಕದಲ್ಲೇ ತಿರುಗುವುದರಿಂದ ಗದ್ದಲ ಮುಂದೆ, ನೆಮ್ಮದಿ ಹಿಂದೆ. ಪ್ರಯಾಣಿಕರ ಬಾಗಿಲೂ ಹಿಂದೆಯೇ, ಎಡಗಡೆಯಲ್ಲಿ. ಅಲ್ಲಿ ನಾಲ್ಕನೇ ಸಾಲು ತೆಗೆದುಕೊಂಡವರು ಸದ್ದನ್ನೂ ಕೇಳಿ ಕೊನೆಯವರಾಗಿಯೂ ಇಳಿಯುತ್ತಾರೆ.

ಗಾಲಿಕುರ್ಚಿಯನ್ನು ಸೀಟಿನ ಜೊತೆಗೇ, ಟಿಕೆಟ್ ಮಾಡುವಾಗಲೇ ಹೇಳಿ. ಅಲ್ಲಿ ಮೂರು ಸಂಕೇತಗಳು ಕಾಣಬಹುದು. WCHR ಎಂದರೆ ಮೆಟ್ಟಿಲು ಹತ್ತಬಲ್ಲರು, ದೂರ ನಡೆಯಲಾರರು. WCHS ಎಂದರೆ ಮೆಟ್ಟಿಲೂ ಹತ್ತಲಾರರು, ಆದರೆ ವಿಮಾನದೊಳಗೆ ಸೀಟಿನವರೆಗೆ ನಡೆಯುತ್ತಾರೆ. WCHC ಎಂದರೆ ಸೀಟಿನವರೆಗೂ ಕರೆದೊಯ್ಯಬೇಕು. ಬಹಳ ಮಂದಿ ಮೊದಲನೆಯದನ್ನೇ ಒತ್ತಿಬಿಡುತ್ತಾರೆ, ಏರೋಬ್ರಿಡ್ಜ್ ಸಿಗದ ದಿನ ಮೆಟ್ಟಿಲಿನ ಬುಡದಲ್ಲಿ ಗಾಲಿಕುರ್ಚಿ ನಿಲ್ಲುತ್ತದೆ. ನಿಮ್ಮ ಅಮ್ಮನಿಗೆ WCHS ಆರಿಸಿ.